ಮುಂಗೂದಲಿನ ನೆರಳು

ಸ್ಟುಡಿಯೊದವರೆಲ್ಲ ಅಕ್ಕ ಎಂದೇ ಕರೆಯುವ ಆಕೆಯದು ಸಿನಿಮಾ ದೃಶ್ಯಗಳಲ್ಲಿ ಮುಖ ಬದಲಿಸುವ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಕಿಟಕಿಯಿಲ್ಲದ ಕೋಣೆ; ಜೊತೆಗೆ ಸದ್ದು ಮಾಡಲು ಕಂಪ್ಯೂಟರಿನ ಫ್ಯಾನು.

ಈ ಸಲ ಮಹಡಿಯಿಂದ ಜಿಗಿದವಳು ಸ್ಟಂಟ್ ಹುಡುಗಿ; ಮುಖ ಮಾತ್ರ ನಾಯಕಿಯದು ಬೇಕು. ಅದಕ್ಕಾಗಿ ನಾಯಕಿಯನ್ನು ಬೇರೆಯಾಗಿ, ಕೂದಲು ಹಿಂದಕ್ಕೆ ಕಟ್ಟಿಸಿ ಚಿತ್ರೀಕರಿಸಿದ್ದರು, ಹಣೆ ಪೂರ್ತಿ ಬೋಳು. ಹುಡುಗಿಗೋ ಹುಬ್ಬಿನವರೆಗೆ ಕತ್ತರಿಸಿದ ಮುಂಗೂದಲು. ಮುಖ ಕೂರಿಸಿದರೆ ಮುಂಗೂದಲು ಮಂಗಮಾಯ! ಅಕ್ಕ ಹಲ್ಲು ಕಚ್ಚಿಕೊಂಡು, ಮೂಲ ದೃಶ್ಯದಿಂದ ಹುಡುಗಿಯ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಹೊಸ ಹಣೆಯ ಮೇಲೆ ಹೊದಿಸಿದಳು. ಆದರೂ ಗೋಂದು ಹಾಕಿ ಅಂಟಿಸಿದ ಹಾಗಿತ್ತು. ಕೊನೆಗೆ ಹೊಳೆಯಿತು: ಆ ಹಣೆಗೆ ಕೂದಲಿನ ನೆರಳೇ ಬಿದ್ದಿಲ್ಲ. ನೆರಳು ಬಳಿದ ಮೇಲೆ ಕೂದಲು ಅಲ್ಲೇ ಹುಟ್ಟಿದಂತೆ ಕಂಡಿತು.

ಹುಡುಗಿ ನೋಡಲು ಬಂದಳು. "ಮುಖದಲ್ಲಿ ನಂದೇನಾದ್ರೂ ಉಳೀತಾ ಅಕ್ಕಾ?"

"ಮುಂಗೂದಲು ಪೂರ್ತಿ ನಿಂದೇ ಕಣೇ."

"ಅಯ್ಯೋ, ಅಮ್ಮ ಕತ್ತರಿಸಿದ್ದು! ಫೋನ್ ಮಾಡಿ ಹೇಳ್ತೀನಿ. ನಿಮ್ದೇನಿದೆ ಇದ್ರಲ್ಲಿ?"

"ನೆರಳು."

ಹುಡುಗಿ ಪರದೆಗೆ ಮೂಗು ತಾಗಿಸಿ ಹುಡುಕಿದಳು. "ಎಲ್ಲೂ ಕಾಣಿಸ್ತಾನೇ ಇಲ್ವಲ್ಲಾ!"

ಅದಕ್ಕಿಂತ ದೊಡ್ಡ ಶಾಭಾಸ್‌ಗಿರಿ ಅಕ್ಕನಿಗೆ ಎಂದೂ ಸಿಕ್ಕಿರಲಿಲ್ಲ. ಹುಡುಗಿ ಹೋದ ಮೇಲೆ ಅದನ್ನು ಹೇಳಿಕೊಳ್ಳಲು ಫೋನ್ ಎತ್ತಿಕೊಂಡಳು. ಯಾರಿಗೆಂದು ತೋಚದೆ ಕೆಳಗಿಟ್ಟಳು.