ಹೋಳಿಗೆಗೆ ದೊಡ್ಡಪ್ಪ

ಅಕ್ಕೂರಿನಲ್ಲಿ ನಮ್ಮ ವಂಶದವರೆಲ್ಲ ಸೇರಿದ ದಿನ ಊಟದ ಲೆಕ್ಕ ನನ್ನದು. ಎಂಟು ಜನಕ್ಕೆ ಒಂದು ಕೆಜಿ ಅಕ್ಕಿ, ತಲೆಗೆ ಎರಡು ಸೌಟು ಸಾಂಬಾರು, ಎರಡು ಹೋಳಿಗೆ. ಲೆಕ್ಕ ಸರಿಯಾಗಿಯೇ ಇತ್ತು. ಹೋಳಿಗೆ ಬಡಿಸಲು ದೊಡ್ಡಪ್ಪನನ್ನು ಬಿಟ್ಟದ್ದು ತಪ್ಪಾಯಿತು. ಎಲೆಗೆ ಕೈ ಅಡ್ಡ ಹಿಡಿದವರಿಗೂ "ನಾಚ್ಕೋಬ್ಯಾಡ, ತಿನ್ಲಾ" ಎಂದು ಇನ್ನೆರಡು ಹಾಕುತ್ತಿದ್ದರು. ಮೂರು ಪಂಕ್ತಿಯ ಹೋಳಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಪಂಕ್ತಿಗೇ ಖಾಲಿ!

ನನಗೆ ರೇಗಿತು. ಸಾಂಬಾರಿಗಾದರೆ ಬಿಸಿನೀರು ಬೆರೆಸಬಹುದು, ಹೋಳಿಗೆಗೆ ಏನು ಬೆರೆಸಲಿ? ದೊಡ್ಡಪ್ಪನಿಗೆ ಸಾಂಬಾರಿನ ಬಕೆಟ್ ಕೊಟ್ಟು, ಹೋಳಿಗೆಗೆ ಕೈಬಿಗಿಯ ಅತ್ತೆಯನ್ನು ನಿಲ್ಲಿಸಿದೆ. ದೊಡ್ಡಪ್ಪ ಸೌಟಿನ ಮೇಲೆ ಸೌಟು ಸುರಿದರು; ಉಳಿದೆರಡು ಪಂಕ್ತಿಯ ಜನ ಅನ್ನ ಸಾಂಬಾರಿನಲ್ಲೇ ತೇಗಿದರು.

ಬಡಿಸಿದವರೆಲ್ಲ ಕೊನೆಗೆ ಕೂತೆವು. ದೊಡ್ಡಪ್ಪ ಮಾತ್ರ ಕೂರದೆ, ಉಳಿದ ಹೋಳಿಗೆ ಹಿಡಿದು ಬಂದರು. ಸಾಕೆಂದು ಕೈ ಅಡ್ಡ ಹಿಡಿದೆ. ಕೈಯ ಮೇಲೆಯೇ ಹಾಕಿ, ತುಪ್ಪವನ್ನೂ ಸುರಿದರು.