ಹೋದ ವರ್ಷದ ತೊಂಬತ್ತೇಳು

ಪರೀಕ್ಷಾ ವಿಭಾಗದಲ್ಲಿ ಎಲ್ಲರೂ ಅವಳನ್ನು ತಕ್ಕಡಿ ಮೇಡಂ ಎಂದೇ ಕರೆಯುತ್ತಿದ್ದರು. ಯಾವ ಮೌಲ್ಯಮಾಪಕರ ಕೈ ಬಿಗಿ, ಯಾರದು ಸಡಿಲ ಎಂದು ಅಂಕಗಳನ್ನು ಲೆಕ್ಕ ಹಾಕಿ ನೋಡಿ, ಏರುಪೇರನ್ನು ಸರಿದೂಗಿಸುವುದು ಅವಳ ಕೆಲಸ. ಮನೆಯಲ್ಲಿ ಕೂತು ಓದುವವರ ವಿಶ್ವವಿದ್ಯಾಲಯ ಅದು. ವಿದ್ಯಾರ್ಥಿಗಳು ಅಂಗಡಿಯಲ್ಲೋ, ಆಸ್ಪತ್ರೆಯಲ್ಲೋ, ಬಸ್ ಡಿಪೋದಲ್ಲೋ ದುಡಿಯುತ್ತ, ಬಿಡುವಾದಾಗ ಪ್ರಬಂಧ ಬರೆದು ಕಳಿಸುತ್ತಿದ್ದರು. ಅವರ ಮುಖ ಅವಳು ನೋಡಿದ್ದು ಕಡಿಮೆ. ಬರಹ ಮಾತ್ರ ಹೊರೆಗಟ್ಟಲೆ ನೋಡಿದ್ದಳು.

ಎಐ ಕೈಯಲ್ಲಿ ಪ್ರಬಂಧ ಬರೆಸಿ ಕಳಿಸುವುದು ಹೆಚ್ಚಾದಾಗ ಕುಲಸಚಿವರು ಅವಳನ್ನೇ ಕರೆದು, "ಹಿಡಿಯೋಕೆ ಏನಾದ್ರೂ ಮಾಡಿ" ಎಂದಿದ್ದರು. ಅವಳು ಮಾಡಿದಳು. ಎಐ ಬರುವುದಕ್ಕೆ ಮುಂಚಿನ ವರ್ಷಗಳ ಪ್ರಬಂಧಗಳನ್ನು ಒಂದು ಕಡೆ ಇಟ್ಟಳು. ಆಗ ಜನ ಬಳಸುತ್ತಿದ್ದ ಮೂರು ಎಐಗಳಿಂದ ಅವೇ ಪ್ರಶ್ನೆಗಳಿಗೆ ಬರೆಸಿದ ಉತ್ತರಗಳನ್ನು ಇನ್ನೊಂದು ಕಡೆ ಇಟ್ಟಳು. ಎರಡನ್ನೂ ತೋರಿಸಿ, ವ್ಯತ್ಯಾಸ ಕಲಿಯುವ ಡಿಟೆಕ್ಟರ್ ಒಂದನ್ನು ಕಟ್ಟಿದಳು. ಕಲಿಸುವಾಗ ತೋರಿಸದೆ ತೆಗೆದಿಟ್ಟ ಒಂದಷ್ಟು ಬರಹಗಳ ಮೇಲೆ ಪರೀಕ್ಷಿಸಿದಾಗ ಅದು ನೂರಕ್ಕೆ ತೊಂಬತ್ತೇಳು ಸರಿ ಹೇಳಿತು. ಕುಲಸಚಿವರು ಆ ತೊಂಬತ್ತೇಳನ್ನು ಸುತ್ತೋಲೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದರು. ಸಭೆಯಲ್ಲಿ ಅವಳಿಗೊಂದು ಶಾಲು ಹೊದೆಸಿದರು. ಅದನ್ನು ಅವಳು ಕಚೇರಿಯ ಕುರ್ಚಿಯ ಬೆನ್ನಿಗೆ ಹಾಕಿಕೊಂಡಳು. ಏಸಿ ಗಾಳಿ ನೇರ ಕುತ್ತಿಗೆಗೆ ಬಡಿಯುತ್ತಿತ್ತು.

ಮರುವರ್ಷ ಪ್ರಬಂಧಗಳು ಬಂದಾಗ ಡಿಟೆಕ್ಟರ್ ಹಿಡಿದದ್ದು ಬೆರಳೆಣಿಕೆಯಷ್ಟು. ಕುಲಸಚಿವರು ಖುಷಿಯಲ್ಲಿದ್ದರು.

"ನೋಡಿದ್ರಾ ಮೇಡಂ, ಭಯ ಬಂದಿದೆ. ಹುಡುಗರು ದಾರಿಗೆ ಬಂದಿದ್ದಾರೆ."

ಅವಳಿಗೆ ಹಾಗನ್ನಿಸಲಿಲ್ಲ. ಮೌಲ್ಯಮಾಪಕರು ಕಾಫಿ ಕುಡಿಯುತ್ತ ಗೊಣಗುವುದು ಅವಳ ಕಿವಿಗೂ ಬಿದ್ದಿತ್ತು. ಹೋದ ವರ್ಷದವರೆಗೆ ಒಂದು ಪುಟ ನೆಟ್ಟಗೆ ಬರೆಯಲಾರದವರೂ ಈಗ ತಮಾಷೆ, ಮುನಿಸು, ಸ್ವಂತ ಅನುಭವ ಎಲ್ಲ ಬೆರೆಸಿ ಬರೆಯುತ್ತಿದ್ದಾರೆ ಎಂದು ಅವರ ತಕರಾರು. ಅವಳು ಯಾರಿಗೂ ಹೇಳದೆ ಈ ವರ್ಷದ ಪ್ರಶ್ನೆಗಳನ್ನು ಹೊಸದಾಗಿ ಬಂದ ಎಐಗಳಿಗೆ ಕೊಟ್ಟು ಉತ್ತರ ಬರೆಸಿದಳು. ಒಂದೊಂದನ್ನೂ ಡಿಟೆಕ್ಟರ್‌ಗೆ ಉಣಿಸಿದಳು. ಪ್ರತಿ ಮೂರರಲ್ಲಿ ಎರಡನ್ನು ಅದು "ಮನುಷ್ಯರು ಬರೆದದ್ದು" ಎಂದಿತು.

ಎಲ್ಲೋ ಕೆಟ್ಟಿರಬೇಕೆಂದು ಹೋದ ವರ್ಷ ಪರೀಕ್ಷೆಗೆ ತೆಗೆದಿಟ್ಟಿದ್ದ ಬರಹಗಳ ಮೇಲೆ ಮತ್ತೆ ಓಡಿಸಿದಳು. ತೊಂಬತ್ತೇಳು. ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಕೆಟ್ಟಿದ್ದರೆ ರಿಪೇರಿ ಮಾಡಬಹುದಿತ್ತು.

ಮನೆಗೆ ಹೋದರೆ ಗಂಡ ತರಕಾರಿ ಹೆಚ್ಚುತ್ತಿದ್ದ. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಅಡುಗೆಮನೆ ಅವನ ಸ್ವಾಧೀನದಲ್ಲಿತ್ತು.

"ಮುಖ ಯಾಕೆ ಹಿಂಗಾಗಿದೆ? ಯಾರಾದ್ರೂ ಬೈದ್ರಾ?"

"ಬೈದಿಲ್ಲ. ಹೊಗಳ್ತಿದ್ದಾರೆ. ಅದೇ ಕಷ್ಟ ಕಣ್ರೀ."

ಅವಳು ವಿಷಯ ಹೇಳಿದಳು. ಅವನು ಚಾಕು ಕೆಳಗಿಟ್ಟು ಕೇಳಿದ. "ಹಂಗಾದ್ರೆ ಅದು ಎಐ ಅಂದ್ರೇನು ಅಂತ ಕಲಿತೇ ಇಲ್ಲ?"

"ಇಲ್ಲ. ಹೋದ ವರ್ಷದ ಆ ಮೂರು ಹೆಂಗೆ ಮಾತಾಡ್ತಿದ್ವು ಅಂತ ಕಲಿತಿದೆ. ನಾನು ಪರೀಕ್ಷೆಗೆ ಇಟ್ಟಿದ್ದೂ ಅದೇ ಮೂರು ಬರೆದದ್ದನ್ನೇ. ಪಾಸಾಗದೆ ಇನ್ನೇನಾಗುತ್ತೆ? ಈಗ ಬಂದಿರೋವು ಬೇರೆ ಥರ ಪಳಗಿರೋವು. ಅವುಗಳ ಮಾತಿನ ಧಾಟಿನೇ ಬೇರೆ."

"ನನಗೂ ಟಿಕೆಟ್ ತಗೊಳ್ಳದವರ ಮುಖ ನೋಡಿದ್ರೇ ಗೊತ್ತಾಗುತ್ತೆ ಅಂತ ಜಂಬ ಇತ್ತು" ಎಂದು ಅವನು ನಕ್ಕ. ಅವಳು ನಗಲಿಲ್ಲ. ಅವನು ಸುಮ್ಮನೆ ಅವಳ ಮುಂದೆ ಚಹಾ ತಂದಿಟ್ಟ.

ಮಾರನೆಯ ದಿನ ಕುಲಸಚಿವರಿಗೆ ಎಲ್ಲವನ್ನೂ ಹೇಳಿದಳು. ಅವರು ಕೆಟ್ಟ ಮನುಷ್ಯರೇನಲ್ಲ. ಮೇಲಿನವರಿಗೆ ಉತ್ತರ ಕೊಡಬೇಕಾದವರು, ಅಷ್ಟೇ. ತುಸು ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಅದು ಇಷ್ಟು ಅಂಕ ಬಂದ್ರೆ ಎಐ, ಅಂತ ಒಂದು ಗೆರೆ ಇಟ್ಕೊಂಡಿದೆ ಅಲ್ವಾ? ಆ ಗೆರೆ ಸ್ವಲ್ಪ ಕೆಳಗಿಳಿಸಿ. ಜಾಸ್ತಿ ಸಿಕ್ಕಿಬೀಳ್ತಾರೆ."

"ಇಳಿಸಿದ್ರೆ ಎಐ ಬರಹ ಇನ್ನಷ್ಟು ಸಿಗುತ್ತೆ ಸರ್, ನಿಜ. ಅದರ ಜೊತೆ ಸ್ವಂತ ಬರೆದವರೂ ಸಿಕ್ಕಿಬೀಳ್ತಾರೆ. ಪರೀಕ್ಷೆ ಮಾಡಿ ಹೇಳ್ತೀನಿ, ಎರಡು ದಿನ ಕೊಡಿ."

ಅವಳು ಎಐ ಇಲ್ಲದ ಕಾಲದ ಪ್ರಬಂಧಗಳನ್ನೇ ತೆಗೆದುಕೊಂಡು ಗೆರೆ ಇಳಿಸಿ ನೋಡಿದಳು. ಯಾವ ಅನುಮಾನಕ್ಕೂ ಆಸ್ಪದವಿಲ್ಲದ ಆ ಬರಹಗಳಲ್ಲೂ ಐದಾರಕ್ಕೆ ಒಂದನ್ನು ಡಿಟೆಕ್ಟರ್ ಎಐ ಎಂದಿತು. ಹಾಗೆ ಸಿಕ್ಕಿಬಿದ್ದವನ್ನು ಕೂತು ಓದಿದಳು. ಹೆಚ್ಚಿನವು ಎಚ್ಚರದಿಂದ ಬರೆದ, ಚಿಕ್ಕಚಿಕ್ಕ, ಒಂದೇ ಅಳತೆಯ ವಾಕ್ಯಗಳು. ಮುಂದಿನ ಪದ ಯಾವುದು ಬರುತ್ತದೆಂದು ಸುಲಭವಾಗಿ ಊಹಿಸಬಹುದಾದ ಬರಹ. ಹೋದ ವರ್ಷದ ಎಐಗಳ ಗುರುತೂ ಅದೇ ಆಗಿತ್ತು. ಹೊಸವು ಆ ಗುರುತನ್ನು ಕಳಚಿಕೊಂಡು ಮುಂದೆ ಹೋಗಿದ್ದವು. ಕಷ್ಟಪಟ್ಟು ಬರೆಯುವ ಮನುಷ್ಯರು ಮಾತ್ರ ಅಲ್ಲೇ ನಿಂತಿದ್ದರು.

ಈ ಮಾತು ಹೇಳಲು ಮಹಡಿ ಹತ್ತಿ ಹೋದರೆ, ಕೆಲಸ ಆಗಿಹೋಗಿತ್ತು. ಮೇಲಿನಿಂದ ಒತ್ತಡ ಬಂದು ಕುಲಸಚಿವರು ಕಂಪ್ಯೂಟರ್ ವಿಭಾಗದವರಿಗೆ ಹೇಳಿ ಗೆರೆ ಇಳಿಸಿಬಿಟ್ಟಿದ್ದರು. ನೋಟಿಸುಗಳೂ ಹೊರಟಿದ್ದವು.

"ವಿಚಾರಣೆ ಇದ್ದೇ ಇರುತ್ತಲ್ಲ ಮೇಡಂ. ತಪ್ಪಿಲ್ಲದವರು ಬಂದು ಹೇಳ್ಕೊಳ್ಳಲಿ. ನೀವೂ ಬಂದು ಕೂತ್ಕೊಳ್ಳಿ. ತೊಂಬತ್ತೇಳು ಅಂತ ಒಂದು ಮಾತು ಹೇಳಿದ್ರೆ ಸಾಕು."

ವಿಚಾರಣೆ ನಡೆದದ್ದು ಉದ್ದನೆಯ ಮೇಜಿನ ಕೋಣೆಯಲ್ಲಿ. ಕುಲಸಚಿವರು, ಇಬ್ಬರು ಪ್ರಾಧ್ಯಾಪಕರು, ಮೇಜಿನ ತುದಿಯಲ್ಲಿ ತಕ್ಕಡಿ ಮೇಡಂ. ಮೊದಲು ಬಂದವಳು ನಲವತ್ತು ದಾಟಿದ ಹೆಂಗಸು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಕೈಬೆರಳುಗಳ ಚರ್ಮ ಸೋಪಿನ ಪುಡಿಗೆ ಸುಲಿದಿತ್ತು. ರಜೆ ಸಿಗದೆ, ಒಂದು ಪಾಳಿಯನ್ನು ಯಾರಿಗೋ ವಹಿಸಿ ಬಂದಿದ್ದಳು. ಆಡಳಿತ ವಿಷಯದ ಪತ್ರಿಕೆಗೆ ಅವಳು ಬರೆದ ಪ್ರಬಂಧವನ್ನು ಡಿಟೆಕ್ಟರ್ ಎಐ ಎಂದಿತ್ತು.

"ನೀವೇ ಬರೆದದ್ದಾ?" ಎಂದರು ಒಬ್ಬ ಪ್ರಾಧ್ಯಾಪಕರು.

"ನಾನೇ ಬರೆದದ್ದು ಸರ್."

"ವಾಕ್ಯ ಎಲ್ಲ ಅಚ್ಚು ಹಾಕಿದ ಹಾಗೆ ಇದೆಯಲ್ಲ?"

"ಕೆಲಸದ ಜಾಗದಲ್ಲಿ ಗೋಡೆಗೆ ಸೂಚನೆ ಬರೆದು ಅಂಟಿಸೋಳು ನಾನೇ ಸರ್. ಸೋಂಕಿನ ಬಟ್ಟೆ ಬೇರೆ ಇಡಿ. ಕೈಗವಸು ಹಾಕ್ಕೊಳ್ಳಿ. ಉದ್ದ ಬರೆದ್ರೆ ಯಾರೂ ಓದಲ್ಲ. ಒಂದು ಮಾತಿಗೆ ಎರಡು ಅರ್ಥ ಬಂದ್ರೆ ಬಟ್ಟೆಯಲ್ಲಿ ಉಳಿದ ಸೂಜಿ ಯಾರಿಗಾದ್ರೂ ಚುಚ್ಚುತ್ತೆ. ಅದೇ ಕೈ ಪ್ರಬಂಧಕ್ಕೂ ಬಂದಿರಬೇಕು."

ಕುಲಸಚಿವರು ತಕ್ಕಡಿ ಮೇಡಂ ಕಡೆ ತಿರುಗಿದರು. "ಈ ಡಿಟೆಕ್ಟರ್ ಎಷ್ಟು ಸರಿ ಹೇಳುತ್ತೆ ಅನ್ನೋದನ್ನ ಸಮಿತಿಗೆ ತಿಳಿಸಿ."

ಅವಳು ನೀರು ಕುಡಿದಳು.

"ಹೋದ ವರ್ಷದ ಮೂರು ಎಐಗಳು ಬರೆದದ್ದರ ಮೇಲೆ, ಹೋದ ವರ್ಷದ ಗೆರೆ ಇಟ್ಟುಕೊಂಡರೆ, ನೂರಕ್ಕೆ ತೊಂಬತ್ತೇಳು ಸರ್. ಆ ಸಂಖ್ಯೆ ಅದಕ್ಕಷ್ಟೇ ಸಲ್ಲುತ್ತೆ. ಈ ವರ್ಷದ ಎಐಗಳನ್ನ ಅದು ಕಂಡೇ ಇಲ್ಲ. ಅವು ಬರೆದದ್ದರಲ್ಲಿ ಮೂರಕ್ಕೆ ಎರಡನ್ನ ಬಿಟ್ಟುಬಿಡ್ತಿತ್ತು. ಅದಕ್ಕೇ ಗೆರೆ ಇಳಿಸಿದ್ದು. ಇಳಿಸಿದ ಮೇಲೆ ಸ್ವಂತ ಬರೆದವರಲ್ಲೂ ಐದಾರಕ್ಕೆ ಒಬ್ಬರು ಸಿಕ್ಕಿಬೀಳ್ತಾರೆ. ಈ ಅಮ್ಮನ ಬರಹದ ಬಗ್ಗೆ ಡಿಟೆಕ್ಟರ್ ಹೇಳಿದ್ದನ್ನ ನಂಬಿ ಅಂತ ನಾನು ಹೇಳಲಾರೆ. ಅವರು ಎಐ ಬಳಸಿಲ್ಲ ಅಂತಾನೂ ಅದರಿಂದ ಹೇಳೋಕಾಗಲ್ಲ. ಅವರನ್ನೇ ಕೇಳಿ ತಿಳ್ಕೊಳ್ಳಬೇಕು."

ಕುಲಸಚಿವರ ಮುಖ ಕೆಂಪಾಯಿತು. ಆದರೂ ಅವರೇ ಮೊದಲು ಮಾತಾಡಿದರು. "ಸರಿ, ಕೇಳೋಣ."

ಪ್ರಾಧ್ಯಾಪಕರು ಪ್ರಬಂಧದಿಂದಲೇ ಪ್ರಶ್ನೆ ಕೇಳತೊಡಗಿದರು. ಪಾಳಿ ಬದಲಾವಣೆಯ ಹೊತ್ತಿನಲ್ಲಿ ಜವಾಬ್ದಾರಿ ಯಾರದು ಎಂದು ಬರೆದಿದ್ದೀರಲ್ಲ, ಯಾಕೆ? ಅವಳು ಹೇಳಿದಳು. ಅವರು ಒಪ್ಪಲಿಲ್ಲ. ಅವಳು ಪಟ್ಟು ಬಿಡಲಿಲ್ಲ. ಒಂದು ಕಡೆ ತನ್ನ ಪ್ರಬಂಧದಲ್ಲೇ ವಾದ ತಪ್ಪಿದೆ, ಈಗ ಬರೆದರೆ ಬೇರೆ ಥರ ಬರೆಯುತ್ತೇನೆ ಎಂದಳು. ಮಾತು ಬೆಳೆಯಿತು. ಕೊನೆಗೆ ಆ ಪ್ರಾಧ್ಯಾಪಕರೇ, "ಆಯ್ತು ಬಿಡಿಯಮ್ಮ, ಇದು ನಿಮ್ಮದೇ" ಎಂದು ಹಾಳೆ ಮಡಿಸಿಟ್ಟರು.

ಹೊರಗೆ ಮೆಟ್ಟಿಲ ಬಳಿ ಆ ಹೆಂಗಸು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ತಕ್ಕಡಿ ಮೇಡಂ ಅವಳ ಹತ್ತಿರ ಹೋಗಿ ನಿಂತಳು.

"ನಿಮಗೆ ತುಂಬ ತೊಂದರೆ ಆಯ್ತು ಅಕ್ಕಾ."

"ಇರಲಿ ಬಿಡಿ ಮೇಡಂ. ನೀವು ಹೇಳದಿದ್ರೆ ಯಾರು ಕೇಳ್ತಿದ್ರು?" ಎಂದಳು ಅವಳು. ಆಮೇಲೆ ತಲೆ ಎತ್ತದೆಯೇ, "ಮುಂದಿನ ಸಲ ಬೇಕಂತಲೇ ಎರಡು ಮೂರು ತಪ್ಪು ಬಿಡ್ತೀನಿ. ವಾಕ್ಯ ಸ್ವಲ್ಪ ಸೊಟ್ಟ ಮಾಡ್ತೀನಿ. ಆಗ ನನ್ನದು ಅನ್ನಿಸುತ್ತೇನೋ" ಎಂದಳು.

"ಹಾಗೆ ಮಾಡಬೇಡಿ. ನೀವು ಬರೆಯೋದು ಚೆನ್ನಾಗಿದೆ."

ಮುಂದಿನ ಪಾಳಿಗೆ ಹೊತ್ತಾಯಿತೆಂದು ಹೆಂಗಸು ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆದಳು.

ಆ ವಾರವೇ ಗೆರೆ ಮತ್ತೆ ಮೇಲೇರಿತು. ಡಿಟೆಕ್ಟರ್ ಮಾತೊಂದನ್ನೇ ನಂಬಿ ಯಾರಿಗೂ ನೋಟಿಸು ಕಳಿಸಬಾರದು, ಅನುಮಾನ ಬಂದವರನ್ನು ಕೂರಿಸಿ ಮಾತಾಡಿಸಬೇಕು ಎಂದು ಸಮಿತಿ ಬರೆಯಿತು. ಮಾತಾಡಿಸುವುದಕ್ಕೆ ಜನ ಎಲ್ಲಿಂದ ಬರುತ್ತಾರೆ ಎಂದು ಬರೆಯಲಿಲ್ಲ. ಸುತ್ತೋಲೆಯಿಂದ ತೊಂಬತ್ತೇಳನ್ನು ತೆಗೆಸುವುದಕ್ಕೆ ತಕ್ಕಡಿ ಮೇಡಂ ಮೂರು ಸಲ ಮಹಡಿ ಹತ್ತಬೇಕಾಯಿತು. ಕೊನೆಗೆ ಕುಲಸಚಿವರು ಒಪ್ಪಿದರು, ಒಂದು ಕೆಲಸವನ್ನೂ ಜೊತೆಗೆ ಹೊರಿಸಿದರು.

"ಹೊಸ ಎಐಗಳ ಬರಹ ಸೇರಿಸಿ ಮತ್ತೆ ಕಲಿಸಿ ಮೇಡಂ. ಆಮೇಲೆ ಸರಿಹೋಗುತ್ತಲ್ಲ?"

"ಇವುಗಳ ಮಟ್ಟಿಗೆ ಒಂದಷ್ಟು ಸರಿಹೋಗಬಹುದು ಸರ್. ಇವು ಮನುಷ್ಯರ ಹತ್ತಿರ ಹತ್ತಿರ ಬರೀತಿರೋದ್ರಿಂದ ಹೋದ ವರ್ಷದಷ್ಟು ಬರುತ್ತೆ ಅಂತ ಭರವಸೆ ಇಲ್ಲ. ಅಷ್ಟರಲ್ಲಿ ಇನ್ನೊಂದು ಬಂದಿರುತ್ತೆ."

"ಅದಕ್ಕೆ ಮತ್ತೆ ಕಲಿಸೋದು."

"ಕಲಿಸೋದು. ಆದ್ರೆ ಯಾವ ಎಐ ಮೇಲೆ, ಯಾವ ತಿಂಗಳಲ್ಲಿ ಪರೀಕ್ಷೆ ಮಾಡಿದ್ದು ಅಂತ ಬರೆಯದೆ ಇನ್ಮೇಲೆ ನಾನು ಯಾವ ಸಂಖ್ಯೆನೂ ಕೊಡಲ್ಲ ಸರ್."

"ಹಾಗೇ ಆಗಲಿ" ಎಂದರು ಅವರು. ಅವರ ಧ್ವನಿಯಲ್ಲೂ ದಣಿವಿತ್ತು.

ಅವಳು ಕೆಳಗಿಳಿದು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಹೊಸ ಎಐಗಳಿಂದ ಬರೆಸಬೇಕಾದ ಉತ್ತರಗಳು ಸಾವಿರಾರು. ಹಾಗೆಯೇ ಬರೆಸಿದರೆ ಸಾಲದು. "ತಪ್ಪು ಬೆರೆಸಿ ಬರಿ", "ಹಳ್ಳಿಯವರ ಥರ ಬರಿ", "ಸುಸ್ತಾದವರ ಥರ ಬರಿ" ಎಂದು ವಿದ್ಯಾರ್ಥಿಗಳು ಏನೇನು ಹೇಳಿ ಬರೆಸಬಹುದೋ ಅದೆಲ್ಲವನ್ನೂ ಹೇಳಿ ಬರೆಸಬೇಕು. ಕನ್ನಡಕ ಒರೆಸಿಕೊಂಡು ಮೊದಲ ಪ್ರಶ್ನೆ ಹಾಕಿದಳು. ಉತ್ತರ ಸರಸರನೆ ಬಂತು. ಓದಿದಳು. ಚೆನ್ನಾಗಿಯೇ ಇತ್ತು, ಯಾರೋ ದುಡಿದು ದಣಿದವರು ಬರೆದ ಹಾಗೆಯೇ. ಯಾವ ಪದ ಅದರ ಗುಟ್ಟು ಬಿಟ್ಟುಕೊಡುತ್ತದೆಂದು ಹುಡುಕಿದಳು, ಸಿಗಲಿಲ್ಲ. ಗಂಡನಿಗೆ ಫೋನ್ ಮಾಡಿ, ಬರುವುದು ಸ್ವಲ್ಪ ತಡವಾಗುತ್ತದೆ, ನೀವು ಊಟ ಮಾಡಿ ಎಂದು ಹೇಳಿ ಎರಡನೆಯ ಪ್ರಶ್ನೆ ಹಾಕಿದಳು.