ಇಂದುಶೇಖರನ ಬಾಣಲೆ ಮತ್ತು ಸಣ್ಣಕ್ಷರ

ಇಂದುಶೇಖರನಿಗೆ ಲಾವಣ್ಯಾಳನ್ನು ಕಂಡರೆ ಆಗುತ್ತಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಫರೀದಾಬಾದಿನ ಆ ಪಾತ್ರೆ ಕಾರ್ಖಾನೆಯ ಮೇಲಂತಸ್ತಿನಲ್ಲಿ ಕನ್ನಡ ಬರುತ್ತಿದ್ದದ್ದು ಅವರಿಬ್ಬರಿಗೆ ಮಾತ್ರ. ಬೇರೆ ಯಾರಾದರೂ ಆಗಿದ್ದರೆ ಮಧ್ಯಾಹ್ನ ಒಟ್ಟಿಗೆ ಕೂತು ಚಿತ್ರಾನ್ನ ಹಂಚಿಕೊಳ್ಳುತ್ತಿದ್ದರು. ಇವರು ಆ ಭಾಷೆಯನ್ನು ಬೇರೆಯವರಿಗೆ ತಿಳಿಯದಂತೆ ಜಗಳವಾಡಲು ಬಳಸುತ್ತಿದ್ದರು.

ಅವನು ದಾವಣಗೆರೆಯವನು. ಹೆಂಡತಿ ಪದ್ಮಾಳಿಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತೆ ಕೆಲಸ ಸಿಕ್ಕಾಗ ಅವಳ ಹಿಂದೆ ಬಂದವನು, ಬಂದ ಊರನ್ನು ಬೈಯುತ್ತಲೇ ಅಲ್ಲಿ ಕೂದಲು ಹಣ್ಣಾಗಿಸಿಕೊಂಡವನು. ಬಹಳ ವರ್ಷ ವಸ್ತುಪ್ರದರ್ಶನಗಳಿಗೆ ಬೋರ್ಡು ಮಾಡಿಕೊಡುತ್ತಿದ್ದ. ಆಳೆತ್ತರದ ಬೋರ್ಡುಗಳು. ಅದರಲ್ಲಿ ಕಂಪನಿಯ ಇತಿಹಾಸ, ಯಂತ್ರದ ಚಿತ್ರ, ಪದಕಗಳು, ಒಡೆಯನ ತಾತನ ಫೋಟೋ, ಎಲ್ಲಕ್ಕೂ ಜಾಗ ಮಾಡುತ್ತಿದ್ದ. ಜನ ಕೈಕಟ್ಟಿ ನಿಂತು ಓದುತ್ತಿದ್ದರು. ಆ ಕೆಲಸ ಕಡಿಮೆಯಾದ ಮೇಲೆ ಭಾಟಿಯಾನ ಪಾತ್ರೆ ಕಾರ್ಖಾನೆಗೆ ಸೇರಿದ. ಡಬ್ಬಿಗಳ ಮೇಲಿನ ಚಿತ್ರ, ಕ್ಯಾಟಲಾಗು ಎಲ್ಲ ಅವನದೇ. ಪಾತ್ರೆಗಳು ಆನ್‌ಲೈನ್ ಮಾರಾಟಕ್ಕೆ ಹೋದಾಗ ಅಲ್ಲಿ ಹಾಕುವ ಚಿತ್ರಗಳೂ ತಾವಾಗಿ ಅವನ ಪಾಲಿಗೆ ಬಂದವು.

ಅಲ್ಲಿಯ ತನಕ ಯಾರೂ ಅವನ ಕೆಲಸಕ್ಕೆ ಬೆರಳು ತೋರಿಸಿರಲಿಲ್ಲ. ಆಮೇಲೆ ಆನ್‌ಲೈನ್ ಮಾರಾಟ ನೋಡಿಕೊಳ್ಳಲು ಈ ಹುಡುಗಿ ಬಂದಳು. ಮೈಸೂರಿನವಳು, ಹೌಜ್ ಖಾಸ್‌ನಲ್ಲಿ ಗೆಳತಿಯರ ಜೊತೆ ಮನೆ ಮಾಡಿಕೊಂಡು ಮೆಟ್ರೋ ಬದಲಿಸುತ್ತಾ ಬರುವವಳು. ಬಂದ ವಾರವೇ ಮಾರಾಟದ ಪುಟದಲ್ಲಿ ಅವನು ಹಾಕಿದ್ದ ಮೊದಲ ಚಿತ್ರಕ್ಕೆ ಕೈ ಹಾಕಿದಳು. ಅಲ್ಯೂಮಿನಿಯಂ ಬಾಣಲೆಯ ಹಿಂದೆ ಅವನು ಕೆಂಪು ಪರದೆ ಇಳಿಬಿಟ್ಟು, ಮೇಲೆ ಹೊಳೆಯುವ ಅಕ್ಷರದಲ್ಲಿ ‘ದೇಶದ ನಂಬರ್ ಒನ್’ ಎಂದು ಬರೆದಿದ್ದ. ಮಾರುವ ಜಾಲತಾಣ ಅದನ್ನು ನೋಡಿದ್ದೇ ತಡ, ಬಾಣಲೆಯನ್ನು ಹುಡುಕಾಟದಿಂದಲೇ ತೆಗೆದುಹಾಕಿತ್ತು. ಮೊದಲ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಇರಬೇಕು, ಚೌಕದ ತುಂಬ ವಸ್ತು ಇರಬೇಕು, ಅದರ ಮೇಲೆ ಒಂದಕ್ಷರವೂ ಇರಬಾರದು. ಬರೆಯುವುದೇನಿದ್ದರೂ ಎರಡನೆಯ ಚಿತ್ರದಿಂದ ಮುಂದೆ, ಅಲ್ಲಿಯೂ ಬೆಲೆ, ರಿಯಾಯಿತಿ, ಫೋನ್ ನಂಬರು, ನಂಬರ್ ಒನ್ ಎಂಬ ಬಡಾಯಿ ಬೇಡ ಎಂದು ಅವಳು ಹೇಳಿದಳು. ಅವನು ಹಲ್ಲು ಕಚ್ಚಿ ಪರದೆ ತೆಗೆದ. ನಿಯಮ ಜಾಲತಾಣದ್ದು, ಸಿಟ್ಟು ಮಾತ್ರ ಅವಳ ಮೇಲೆ.

ಮೊದಲ ಚಿತ್ರದಲ್ಲಿ ಕಳೆದುಕೊಂಡದ್ದನ್ನೆಲ್ಲ ಅವನು ಎರಡನೆಯದರಲ್ಲಿ ವಸೂಲು ಮಾಡಿಕೊಂಡ. ಎರಡು ಸಾವಿರ ಪಿಕ್ಸೆಲ್ಲಿನ ಚೌಕ, ಎದುರಿಗೆ ಕಿಟಕಿಯಷ್ಟಗಲದ ಮಾನಿಟರು, ಇನ್ನೇನು ಬೇಕು? ಬಾಣಲೆಯ ಸುತ್ತ ಬಾಣದ ಗುರುತುಗಳು, ಲೋಹದ ದಪ್ಪ, ಹಿಡಿಯ ಗುಣ, ತೊಳೆಯುವ ಕ್ರಮ, ಪೂರಿ ಕರಿಯುವ ಚಿತ್ರ. ಇವೆಲ್ಲದರ ಕೆಳಗೆ ಬೂದು ಬಣ್ಣದಲ್ಲಿ ಇಂಗ್ಲಿಷಿನ ಒಂದು ಸಾಲು: ಇಂಡಕ್ಷನ್ ಒಲೆಗೆ ಆಗುವುದಿಲ್ಲ.

ಆ ಸಾಲೇ ಕುತ್ತು ತಂದದ್ದು. ಬರಿಯ ಅಲ್ಯೂಮಿನಿಯಂ ತಳ ಇಂಡಕ್ಷನ್ ಮೇಲೆ ಬಿಸಿಯಾಗುವುದಿಲ್ಲ, ಅದು ಅದರ ಗುಣ. ಆದರೆ ಗ್ರೇಟರ್ ನೋಯ್ಡಾದ ಹೊಸ ಫ್ಲ್ಯಾಟುಗಳಲ್ಲಿ ಇಂಡಕ್ಷನ್ ಇಟ್ಟುಕೊಂಡವರು ಚಂದದ ಬಾಣಲೆ ಎಂದು ತರಿಸಿಕೊಳ್ಳುವರು, ಬೈದು ವಾಪಸು ಕಳಿಸುವರು. ಹೇಳಿದಂತೆ ಇಲ್ಲ ಎಂಬ ದೂರಿನೊಂದಿಗೆ ಡಬ್ಬಿಗಳು ಗೋದಾಮಿಗೆ ಮರಳುತ್ತಿದ್ದವು. ಅವುಗಳನ್ನು ನೋಡಿ ಇಂದುಶೇಖರ, ಈ ದೇಶದಲ್ಲಿ ದುಡ್ಡಿದ್ದವರಿಗೆ ಓದು ಬರುವುದಿಲ್ಲ ಎಂದು ಗೊಣಗಿದ.

ಲಾವಣ್ಯಾ ಅವನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಕನ್ನಡದಲ್ಲೇ, ದನಿ ತಗ್ಗಿಸಿ ಹೇಳಿದ್ದಳು. ಕೊಳ್ಳುವವರು ಅಂಗೈಯಗಲದ ಫೋನಿನಲ್ಲಿ ನೋಡುತ್ತಾರೆ, ಅಲ್ಲಿ ನಿಮ್ಮ ಚೌಕ ಐದಾರು ಪಟ್ಟು ಕುಗ್ಗುತ್ತದೆ, ಅಕ್ಷರವೂ ಕುಗ್ಗುತ್ತದೆ, ಬಿಳಿಯ ಮೇಲೆ ಬೂದು ಬಣ್ಣ ಕಾಣುವುದೇ ಇಲ್ಲ ಎಂದಳು. ಒಮ್ಮೆಯಲ್ಲ, ಹಲವು ಸಲ ಹೇಳಿದಳು. ಪ್ರತಿ ಸಲವೂ ಅವನು ತನ್ನ ಫೋನು ತೆಗೆದು, ಕೈ ಚಾಚಿ ಹಿಡಿದು, ಬೆರಳಿನಿಂದ ಹಿಗ್ಗಿಸದೆ ಆ ಸಾಲನ್ನು ಗಡಗಡ ಓದಿಬಿಡುತ್ತಿದ್ದ.

“ನನ್ನ ವಯಸ್ಸಿಗೇ ಓದಕ್ಕೆ ಬರುತ್ತೆ ಮೇಡಂ. ನಿಮ್ಮ ಕಣ್ಣು ತೋರಿಸಿಕೊಳ್ಳಿ,” ಎನ್ನುತ್ತಿದ್ದ.

ಸುಳ್ಳು ಹೇಳುತ್ತಿರಲಿಲ್ಲ ಪಾಪ. ನಿಜವಾಗಿಯೂ ಓದುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

ಜಾಲತಾಣದಿಂದ ಎಚ್ಚರಿಕೆ ಬಂತು. ವಾಪಸು ಬರುವುದು ಹೀಗೇ ನಡೆದರೆ ಬಾಣಲೆಯ ಪುಟ ಮುಚ್ಚುತ್ತೇವೆ ಎಂದು. ದೀಪಾವಳಿ ಹತ್ತಿರವಿತ್ತು. ಭಾಟಿಯಾ ಮೇಲಂತಸ್ತಿನವರನ್ನೆಲ್ಲ ತನ್ನ ಕೋಣೆಗೆ ಕರೆದು, ತಪ್ಪು ಯಾರದು ಎಂದು ಇವತ್ತೇ ಗೊತ್ತಾಗಬೇಕು ಎಂದ. ತಪ್ಪು ಚಿತ್ರದ್ದಾದರೆ ಆ ಕೆಲಸ ನೋಯ್ಡಾದ ಏಜೆನ್ಸಿಗೆ ಹೋಗುತ್ತದೆ, ಮೇಲೆ ಒಂದು ಕುರ್ಚಿ ಖಾಲಿಯಾಗುತ್ತದೆ. ಯಾವ ಕುರ್ಚಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಇಂದುಶೇಖರನನ್ನು ನೋಡಿದ, ಅಷ್ಟೇ.

ಇಂದುಶೇಖರ ಎದೆ ಸೆಟೆಸಿ, ಸಾಲು ಸ್ಪಷ್ಟವಾಗಿದೆ, ಫೋನಿನಲ್ಲೇ ಓದಿ ತೋರಿಸುತ್ತೇನೆ ಎಂದ. ಲಾವಣ್ಯಾ ಅದಕ್ಕೇ ಕಾಯುತ್ತಿದ್ದವಳಂತೆ ತನ್ನ ಫೋನು ಮುಂದೆ ಚಾಚಿದಳು. ಅದರಲ್ಲಿ ಅದೇ ಬಾಣಲೆ, ಅದೇ ಬಾಣಗಳು, ಅದೇ ಪೂರಿ. ಅವನು ಕನ್ನಡಕ ಸರಿಮಾಡಿಕೊಂಡು, ಕೈ ಚಾಚಿ, ಇಂಡಕ್ಷನ್ ಒಲೆಗೆ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಸಾಲನ್ನು ಕೊನೆಯ ಅಕ್ಷರದ ತನಕ ಓದಿದ.

ಅವಳು ಫೋನು ತೆಗೆದುಕೊಂಡು, ಆ ಜಾಗವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಅಲ್ಲಿದ್ದ ಸಾಲು ಬೇರೆ. ಇವತ್ತು ಕ್ಯಾಂಟೀನಿನಲ್ಲಿ ರಾಜ್ಮಾ ಇಲ್ಲ ಎಂದಿತ್ತು. ಬೆಳಿಗ್ಗೆ ಅವನ ಫೈಲನ್ನು ತೆರೆದು, ಅದೇ ಅಕ್ಷರ, ಅದೇ ಗಾತ್ರ, ಅದೇ ಬೂದು ಬಣ್ಣದಲ್ಲಿ ಅವಳೇ ಬದಲಿಸಿ ಇಟ್ಟುಕೊಂಡಿದ್ದಳು.

“ಇವರು ಓದುತ್ತಿಲ್ಲ. ಬರೆದದ್ದು ನೆನಪಿದೆ, ಅದನ್ನೇ ಹೇಳುತ್ತಾರೆ,” ಎಂದಳು. ಹಿಂದಿಯಲ್ಲಿ ಹೇಳಿದಳು, ಎಲ್ಲರಿಗೂ ತಿಳಿಯಲಿ ಎಂದು.

ಮೊದಲು ನಕ್ಕವನು ಭಾಟಿಯಾ. ಒಡೆಯ ನಕ್ಕ ಮೇಲೆ ಉಳಿದವರಿಗೆ ತಡೆ ಎಲ್ಲಿಯದು? ಲೆಕ್ಕದವನು ಮೇಜು ಬಡಿದು ನಕ್ಕ. ಇಂದುಶೇಖರನ ಕಿವಿ ಕಾದ ಬಾಣಲೆಯ ಹಾಗೆ ಸುಟ್ಟಿತು. ಒಂದೇ ಒಂದು ಚಿತ್ರಕ್ಕೆ ಅವಕಾಶ ಕೊಡುತ್ತೇನೆ, ನಾಳೆ ಸಂಜೆಯೊಳಗೆ ಬರಲಿ, ಅದೂ ಕೆಟ್ಟರೆ ಏಜೆನ್ಸಿ ಎಂದು ಭಾಟಿಯಾ ಕಣ್ಣೊರೆಸಿಕೊಂಡ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾರೋ ‘ರಾಜ್ಮಾ ಸಾಬ್’ ಎಂದದ್ದು ಕೇಳಿಸಿತು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. ನಮ್ಮ ಊರಿನ ಕಡೆಯವಳು ಎಂಬ ಮರ್ಯಾದೆಯಾದರೂ ಬೇಡವೇ, ಸಾರ್ವಜನಿಕವಾಗಿ ಮಾನ ತೆಗೆದಳು, ಅವಳ ವಯಸ್ಸೆಷ್ಟು ನನ್ನ ವಯಸ್ಸೆಷ್ಟು ಎಂದು ಕೂಗಾಡಿದ. ಪದ್ಮಾ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿಸಿಕೊಂಡಳು. ಕೊನೆಗೆ ತನ್ನ ಫೋನಿನಲ್ಲಿ ಬಾಣಲೆಯ ಪುಟ ತೆರೆದು ಎರಡನೆಯ ಚಿತ್ರ ನೋಡಿದಳು. ಅವಳು ಅದನ್ನು ಹಿಂದೆಂದೂ ನೋಡಿರಲಿಲ್ಲ, ಅವನು ತೋರಿಸಿರಲಿಲ್ಲ.

“ಕೆಳಗಡೆ ಇದೇನ್ರೀ, ಗೆರೆ ಎಳೆದಿದೀರಾ?” ಎಂದಳು.

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದು ಅವನನ್ನು ಇನ್ನೂ ಕೆರಳಿಸಿತು. ಗೆರೆಯಲ್ಲ, ಅಕ್ಷರ ಎಂದು ಗದರಿದ. ಅವಳು ಫೋನನ್ನು ಹತ್ತಿರ ತಂದಳು, ದೂರ ಹಿಡಿದಳು, ಓದಲಾಗಲಿಲ್ಲ. ಅವಳ ಅಣ್ಣನ ಮಗಳೂ ಹೊಸ ಫ್ಲ್ಯಾಟಿಗೆ ಇದನ್ನೇ ತರಿಸಿಕೊಂಡು ವಾಪಸು ಮಾಡಿದ್ದಳಂತೆ. ಮಾವನಿಗೆ ಬೇಜಾರಾಗಬಾರದು, ಹೇಳಬೇಡಿ ಎಂದು ಪದ್ಮಾಳಿಗೆ ಹೇಳಿದ್ದಳಂತೆ. ಅವರೂ ಓದು ಬಾರದವರಲ್ಲ, ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು. ಇಂದುಶೇಖರ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ. ಲಾವಣ್ಯಾಳ ಮೇಲಿನ ಸಿಟ್ಟು ಕಿಂಚಿತ್ತೂ ಇಳಿದಿರಲಿಲ್ಲ, ಆದರೆ ಅದರ ಜೊತೆಗೆ ನಾಚಿಕೆಯೂ ಬಂದು ಕೂತಿತ್ತು.

ಮರುದಿನ ಅವನು ದೊಡ್ಡ ಮಾನಿಟರಿನ ಪಕ್ಕಕ್ಕೆ ಫೋನನ್ನು ಒರಗಿಸಿಟ್ಟು ಕೆಲಸಕ್ಕೆ ಕೂತ. ಪೂರಿ ಹೋಯಿತು. ತೊಳೆಯುವ ಕ್ರಮ ಹೋಯಿತು. ಲೋಹದ ದಪ್ಪವನ್ನು ತೆಗೆಯುವಾಗ ಹೊಟ್ಟೆ ಉರಿಯಿತು, ತೆಗೆದು ಇನ್ನೊಂದು ಚಿತ್ರಕ್ಕೆ ಹಾಕಿದ. ಎಡಕ್ಕೆ ಗ್ಯಾಸಿನ ಜ್ವಾಲೆ, ಅದರ ಮೇಲೆ ಹಸಿರು ಸರಿ ಗುರುತು. ಬಲಕ್ಕೆ ಇಂಡಕ್ಷನ್ ಒಲೆ, ಅದರ ಮೇಲೆ ಕೆಂಪು ತಪ್ಪು ಗುರುತು. ಕೆಳಗೆ ಬಿಳಿಯ ಮೇಲೆ ಅಚ್ಚ ಕಪ್ಪಿನಲ್ಲಿ ದಪ್ಪಗೆ: ಗ್ಯಾಸಿಗೆ ಮಾತ್ರ, ಇಂಡಕ್ಷನ್‌ಗೆ ಅಲ್ಲ. ಅಂಚಿಗೆ ತಾಗದಂತೆ ಸುತ್ತಲೂ ಜಾಗ ಬಿಟ್ಟ. ಮಾನಿಟರಿನಲ್ಲಿ ಅದು ಅಸಹ್ಯವಾಗಿ, ಅಂಗಡಿಯ ಶಟರಿನ ಮೇಲೆ ಬರೆದಂತೆ ಕಂಡಿತು. ಫೋನಿನಲ್ಲಿ ಹದವಾಗಿ ಕೂತಿತು.

ತನ್ನ ಕಣ್ಣನ್ನು ಅವನು ಇನ್ನು ನಂಬುವ ಹಾಗಿರಲಿಲ್ಲ. ಫೋನು ಹಿಡಿದು ಕೆಳಗಿಳಿದು ಪ್ಯಾಕಿಂಗ್ ಮಾಡುವ ಹೆಂಗಸರಿಗೆ ತೋರಿಸಿದ. ಇಂಗ್ಲಿಷ್ ಕೂಡಿಸಿ ಓದುವವಳೊಬ್ಬಳು ಟೇಪು ಹರಿಯುತ್ತಲೇ ಓದಿದಳು. ಇಂಗ್ಲಿಷ್ ಬಾರದವಳು ಕೆಂಪು ಗುರುತು ನೋಡಿ, ಈ ಒಲೆಗೆ ಬೇಡ ಅಂತ ತಾನೇ ಭಯ್ಯಾ ಎಂದಳು. ಆಮೇಲೆ ಅವನು ಮೇಲೆ ಹೋಗಿ, ಯಾರೂ ಕೇಳದಿದ್ದ ಇನ್ನೊಂದು ಚಿತ್ರವನ್ನೂ ಮಾಡಿದ.

ಸಂಜೆ ಭಾಟಿಯಾನ ಕೋಣೆಯಲ್ಲಿ ಮತ್ತೆ ಎಲ್ಲರೂ ಸೇರಿದರು, ರಾಜ್ಮಾದ ಎರಡನೆಯ ಆಟ ನೋಡಲು ಬಂದವರೇ ಹೆಚ್ಚು. ಇಂದುಶೇಖರ, ಮೊದಲು ಮೇಡಂ ಓದಿ ಪರೀಕ್ಷೆ ಮಾಡಲಿ ಎಂದು ಹಿಂದಿಯಲ್ಲಿ ಹೇಳಿ, ಕೋಣೆಯ ಈ ಕೊನೆಯಲ್ಲಿ ನಿಂತು ತನ್ನ ಫೋನನ್ನು ಅವಳ ಕಡೆಗೆ ಚಾಚಿದ. ತೋಳಿನಷ್ಟು ದೂರವಲ್ಲ, ಅದರ ಎರಡರಷ್ಟು. ಅದರಲ್ಲಿ ಬಾಣಲೆ ಇರಲಿಲ್ಲ. ಬಿಳಿಯ ಮೇಲೆ ಕಪ್ಪಿನಲ್ಲಿ ಕನ್ನಡದ ಮೂರೇ ಪದಗಳಿದ್ದವು: ಒಬ್ಬನೇ ಇದ್ದಾಗ ಹೇಳಬೇಕಿತ್ತು.

ಲಾವಣ್ಯಾ ಓದಿದಳು. ಓದಿದ್ದು ಅವಳ ಮುಖದಲ್ಲೇ ಕಂಡಿತು, ಕತ್ತಿನ ತನಕ ಕೆಂಪೇರಿದಳು. ಏನು ಬರೆದಿದೆ, ಓದಲು ಬರುತ್ತದೋ ಇಲ್ಲವೋ ಎಂದು ಭಾಟಿಯಾ ಅವಸರಿಸಿದ. ಬರುತ್ತದೆ ಎಂದು ಅವಳು ಹಿಂದಿಯಲ್ಲಿ ಹೇಳಿದಳು. ಇಂದುಶೇಖರನ ಮೈಯಲ್ಲಿ ಗೆದ್ದ ಸುಖ ಹರಿಯಿತು. ನಿನ್ನೆಯಿಂದ ಅವನು ಉಸಿರಾಡಿದ್ದೇ ಈ ಗಳಿಗೆಗಾಗಿ.

ಆಗ ಅವಳು ಕನ್ನಡಕ್ಕೆ ತಿರುಗಿದಳು. ದನಿ ಏರಿಸಲಿಲ್ಲ.

“ಒಬ್ಬರೇ ಇದ್ದಾಗಲೇ ಹೇಳಿದ್ದೆ. ಪ್ರತಿ ಸಲವೂ. ನಿಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು. ನೀವು, ನಿಮ್ಮ ಕಣ್ಣು ತೋರಿಸಿಕೊಳ್ಳಿ ಅಂದಿರಿ.”

ಅವನು ಚಾಚಿದ ಕೈ ಹಾಗೇ ಇತ್ತು, ನೋಯತೊಡಗಿತ್ತು. ಏನಂದಳು ಎಂದು ಭಾಟಿಯಾ ಕೇಳಿದ. ಬಾಣಲೆಯ ಚಿತ್ರ ತೋರಿಸಿ ಅಂದರು ಎಂದು ಇಂದುಶೇಖರ ಹೇಳಿದ, ಬೆರಳಾಡಿಸಿ ಆ ಚಿತ್ರ ತೆರೆದ.

ಅದನ್ನು ಲೆಕ್ಕದವನು ಬಾಗಿಲ ಬಳಿ ನಿಂತೇ ಓದಿದ. ಭಾಟಿಯಾ ತಲೆಯಾಡಿಸಿ, ಇವತ್ತೇ ಹಾಕಿಬಿಡಿ, ಏಜೆನ್ಸಿಯ ಮಾತು ಸದ್ಯಕ್ಕೆ ಬೇಡ ಎಂದ. ಎಲ್ಲರೂ ಹೊರಟ ಮೇಲೆ ಇಂದುಶೇಖರ ತನ್ನ ಜಾಗಕ್ಕೆ ಬಂದು ಲಾವಣ್ಯಾಳಿಗೆ ಫೈಲು ಕಳಿಸಿದ. ಅವಳು ಎದ್ದು ಬರಲಿಲ್ಲ, ಅಲ್ಲಿಂದಲೇ ಅದನ್ನು ಪುಟಕ್ಕೆ ಏರಿಸಿದಳು. ಅವನ ಮೇಜಿನ ಪಕ್ಕದಲ್ಲಿ ಅವಳು ಎಳೆದುಕೊಂಡು ಕೂರುತ್ತಿದ್ದ ಕುರ್ಚಿ ಖಾಲಿ ಇತ್ತು, ಆಮೇಲೂ ಅವಳು ಅಲ್ಲಿ ಕೂರಲಿಲ್ಲ.